ಬ್ಯಾಲೆನ್ಸ್ ಮತ್ತು ಬ್ಯೂರೆಟ್: ಉತ್ತರದಲ್ಲಿ ಎಷ್ಟು ಅಂಕಿ ಉಳಿಸಬೇಕು?

ಟೈಟ್ರೇಶನ್ ಮುಗಿದಿದೆ, ಲೆಕ್ಕವೂ ಆಗಿದೆ. ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಮೋಲಾರಿಟಿ 0.10075141 ಎಂದು ಕ್ಯಾಲ್ಕ್ಯುಲೇಟರ್ ತೋರಿಸುತ್ತಿದೆ. ಇದರಲ್ಲಿ ಎಷ್ಟನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸಬೇಕು? ಕೆಲವರು ಕಂಡದ್ದನ್ನೆಲ್ಲ ಬರೆದುಬಿಡುತ್ತಾರೆ. ಇನ್ನು ಕೆಲವರು 0.1 M ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಎರಡೂ ತಪ್ಪು. ಮೊದಲನೆಯವರು ಅಳೆಯದೇ ಇದ್ದದ್ದನ್ನು ಅಳೆದೆವು ಎನ್ನುತ್ತಿದ್ದಾರೆ. ಎರಡನೆಯವರು ಕಷ್ಟಪಟ್ಟು ಅಳೆದದ್ದನ್ನು ಎಸೆಯುತ್ತಿದ್ದಾರೆ.

ಉತ್ತರಕ್ಕೆ ಎಷ್ಟು ಸಾರ್ಥಕ ಅಂಕಿಗಳು, ಅಂದರೆ ಅಳತೆಯಿಂದ ನಿಜವಾಗಿ ಬಂದ ಅಂಕಿಗಳು, ಸಲ್ಲುತ್ತವೆ ಎನ್ನುವುದು ಲೆಕ್ಕದ ಕೊನೆಯಲ್ಲಿ ತೀರ್ಮಾನವಾಗುವ ವಿಷಯವಲ್ಲ. ಬ್ಯಾಲೆನ್ಸ್ ಮತ್ತು ಬ್ಯೂರೆಟ್ ಮುಂದೆ ನಿಂತು ಓದುವಾಗ, ಆಮೇಲೆ ಆ ಎರಡೆರಡು ಓದುಗಳನ್ನು ಕಳೆಯುವಾಗ ಅದು ಬಹುಪಾಲು ನಿರ್ಧಾರವಾಗಿಬಿಟ್ಟಿರುತ್ತದೆ. ಒಂದೇ ಒಂದು ಪ್ರಯೋಗವನ್ನು ಹಿಡಿದು ಇದನ್ನು ಮೊದಲಿಂದ ಕೊನೆಯವರೆಗೆ ನೋಡೋಣ.

ಪ್ರಯೋಗ ಎಲ್ಲರಿಗೂ ಗೊತ್ತಿರುವಂಥದ್ದೇ. ಒಣಗಿಸಿದ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ಅನ್ನು, ಅಂದರೆ ಲ್ಯಾಬ್‌ನಲ್ಲಿ ಕೆಎಚ್‌ಪಿ ಎಂದು ಕರೆಯುವ ಬಿಳಿ ಪುಡಿಯನ್ನು ತೂಗಿ, ಕೋನಿಕಲ್ ಫ್ಲಾಸ್ಕ್‌ನಲ್ಲಿ ನೀರಿಗೆ ಕರಗಿಸಬೇಕು. ಎರಡು ಹನಿ ಫಿನಾಫ್ಥಲೀನ್ ಹಾಕಿ, ಬ್ಯೂರೆಟ್‌ನಿಂದ ಸೋಡಿಯಂ ಹೈಡ್ರಾಕ್ಸೈಡ್ ಬಿಡುತ್ತಾ ಹೋಗಬೇಕು. ತಿಳಿ ಗುಲಾಬಿ ಬಣ್ಣ ಬಂದು ನಿಂತರೆ ಮುಗಿಯಿತು. ತೂಕದಿಂದ ಮೋಲ್ ಸಿಗುತ್ತದೆ, ಮೋಲ್ ಮತ್ತು ಗಾತ್ರದಿಂದ ಮೋಲಾರಿಟಿ ಸಿಗುತ್ತದೆ.

ಬ್ಯಾಲೆನ್ಸ್ ಏನು ಹೇಳಿತು?

ಅನಲಿಟಿಕಲ್ ಬ್ಯಾಲೆನ್ಸ್ ದಶಮಾಂಶದ ನಂತರ ನಾಲ್ಕು ಸ್ಥಾನ ತೋರಿಸುತ್ತದೆ. ಪುಡಿ ಇದ್ದ ತೂಕದ ಬಾಟಲಿ ಮೊದಲು 18.4726 ಗ್ರಾಂ ಇತ್ತು. ಒಂದಿಷ್ಟು ಪುಡಿಯನ್ನು ಫ್ಲಾಸ್ಕ್‌ಗೆ ಸುರಿದ ಮೇಲೆ 17.9613 ಗ್ರಾಂ ಆಯಿತು. ಫ್ಲಾಸ್ಕ್‌ಗೆ ಹೋದದ್ದು 0.5113 ಗ್ರಾಂ.

ಇಲ್ಲಿ ಆದದ್ದನ್ನು ಸ್ವಲ್ಪ ಗಮನಿಸಿ. ಎರಡು ಓದುಗಳಲ್ಲೂ ಆರು ಸಾರ್ಥಕ ಅಂಕಿಗಳಿದ್ದವು. ಕಳೆದ ಮೇಲೆ ಉಳಿದದ್ದು ನಾಲ್ಕೇ. ಮುಂದಿರುವ ಸೊನ್ನೆ ಲೆಕ್ಕಕ್ಕಿಲ್ಲ, ಅದು ದಶಮಾಂಶ ಬಿಂದು ಎಲ್ಲಿದೆ ಎಂದಷ್ಟೇ ಹೇಳುತ್ತದೆ. ಹಾಗಾದರೆ ಎರಡು ಅಂಕಿ ಎಲ್ಲಿ ಹೋದವು? ಅವು ಬಾಟಲಿಯ ತೂಕವನ್ನು ಹೇಳುತ್ತಿದ್ದವು. ನಮಗೆ ಬೇಕಾದ ಪುಡಿಯ ಬಗ್ಗೆ ಅವು ಏನನ್ನೂ ಹೇಳುತ್ತಿರಲಿಲ್ಲ.

ಕೂಡುವಾಗ, ಕಳೆಯುವಾಗ ಅಂಕಿಗಳನ್ನು ಎಣಿಸಬಾರದು, ದಶಮಾಂಶ ಸ್ಥಾನಗಳನ್ನು ನೋಡಬೇಕು. ಕಾರಣ ಸರಳ. ಬ್ಯಾಲೆನ್ಸ್‌ನ ಅನುಮಾನ ಇರುವುದು ನಾಲ್ಕನೇ ದಶಮಾಂಶದಲ್ಲಿ. ಮೇಲೆ ಇಟ್ಟದ್ದು ಹದಿನೆಂಟು ಗ್ರಾಂ ಇರಲಿ, ಅರ್ಧ ಗ್ರಾಂ ಇರಲಿ, ಕೊನೆಯ ಅಂಕಿ ಒಂದೋ ಎರಡೋ ಆಚೀಚೆ ಆಗಬಹುದು. ಕಳೆದ ಮೇಲೂ ಆ ಅನುಮಾನ ಅದೇ ಸ್ಥಾನದಲ್ಲಿ ಕೂತಿರುತ್ತದೆ. ಸಂಖ್ಯೆ ಮಾತ್ರ ಚಿಕ್ಕದಾಗಿರುತ್ತದೆ. ಹಾಗಾಗಿ ಪಾಲಿನ ಲೆಕ್ಕದಲ್ಲಿ ಅನುಮಾನ ದೊಡ್ಡದಾಗುತ್ತದೆ.

ಇದರ ಪೆಟ್ಟು ಗೊತ್ತಾಗಬೇಕಾದರೆ ಹತ್ತರಲ್ಲಿ ಒಂದು ಪಾಲಿನಷ್ಟೇ ಪುಡಿ ತೆಗೆದುಕೊಂಡೆವು ಎಂದುಕೊಳ್ಳಿ. 18.4726 ಕಳೆ 18.4213, ಉಳಿದದ್ದು 0.0513 ಗ್ರಾಂ. ಅದೇ ಬ್ಯಾಲೆನ್ಸ್, ಅದೇ ಜಾಗ್ರತೆ. ಆದರೆ ಈಗ ಕೈಯಲ್ಲಿರುವುದು ಮೂರೇ ಅಂಕಿ. ಬ್ಯಾಲೆನ್ಸ್ ಕೆಟ್ಟಿಲ್ಲ, ನಾವು ತೂಗಿದ್ದು ಕಡಿಮೆ, ಅಷ್ಟೇ.

ಟೇರ್ ಒತ್ತಿ ಸೊನ್ನೆ ಮಾಡಿಕೊಂಡು ತೂಗಿದರೆ ಈ ಕಳೆಯುವ ಕೆಲಸವೇ ಇಲ್ಲವಲ್ಲ ಎಂದು ಕೇಳಬಹುದು. ಇದೆ. ಬ್ಯಾಲೆನ್ಸ್ ಅದನ್ನು ಒಳಗೇ ಮಾಡುತ್ತದೆ. ಟೇರ್ ಒತ್ತಿದ ಕ್ಷಣವೂ ಒಂದು ಓದೇ.

ಇನ್ನೊಂದು ಚಿಕ್ಕ ಸಂಗತಿ. ಪರದೆಯಲ್ಲಿ 17.9610 ಎಂದಿದ್ದರೆ ಪುಸ್ತಕದಲ್ಲೂ 17.9610 ಎಂದೇ ಬರೆಯಬೇಕು. ಕೊನೆಯ ಸೊನ್ನೆಯೂ ಅಳೆದು ಸಿಕ್ಕಿದ ಅಂಕಿ. ಸುಮ್ನೆ 17.961 ಎಂದು ಬರೆದರೆ, ಮೂರು ಸ್ಥಾನದ ಬ್ಯಾಲೆನ್ಸ್ ಬಳಸಿದ್ದೀರಿ ಎಂದು ಓದುವವರು ತಿಳಿಯುತ್ತಾರೆ.

ಬ್ಯೂರೆಟ್‌ನ ಎರಡನೇ ದಶಮಾಂಶ

ಬ್ಯಾಲೆನ್ಸ್ ಅಂಕಿಗಳನ್ನು ತಾನೇ ಕೊಡುತ್ತದೆ. ಬ್ಯೂರೆಟ್‌ನಲ್ಲಿ ಕೊನೆಯ ಅಂಕಿಯನ್ನು ನಮ್ಮ ಕಣ್ಣೇ ಕಂಡುಕೊಳ್ಳಬೇಕು. ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ.

50 ಮಿ.ಲೀ. ಬ್ಯೂರೆಟ್ ಮೇಲೆ 0.1 ಮಿ.ಲೀ.ಗೆ ಒಂದೊಂದು ಗೆರೆ ಇರುತ್ತದೆ. ಮೆನಿಸ್ಕಸ್‌ನ ತಳ 25.2ರ ಗೆರೆಗೂ 25.3ರ ಗೆರೆಗೂ ನಡುವೆ ನಿಂತಿದೆ ಎನ್ನಿ. ಆ ಜಾಗವನ್ನು ಮನಸ್ಸಿನಲ್ಲೇ ಹತ್ತು ಭಾಗ ಮಾಡಿ, ಎಷ್ಟನೇ ಭಾಗದಲ್ಲಿದೆ ಎಂದು ಅಂದಾಜು ಮಾಡಬೇಕು. ಮೂರನೇ ಭಾಗದ ಹತ್ತಿರ ಕಂಡರೆ 25.23. ಆ 3 ಖಚಿತವಲ್ಲ, ಪಕ್ಕದವರು 25.22 ಅಥವಾ 25.25 ಎನ್ನಬಹುದು. ಆದರೂ ಅದು ಸಾರ್ಥಕ ಅಂಕಿಯೇ. ಯಾಕೆಂದರೆ ಅದು ಮಾಹಿತಿ ಕೊಡುತ್ತದೆ: ಮಟ್ಟ 25.28 ಅಲ್ಲ ಎಂದು ನಮಗೆ ಗೊತ್ತು. ಖಚಿತವಾದ ಅಂಕಿಗಳೆಲ್ಲ, ಅವುಗಳ ಜೊತೆಗೆ ಅಂದಾಜಿನ ಒಂದೇ ಒಂದು ಅಂಕಿ. ಓದು ಎಂದರೆ ಇಷ್ಟು.

ಮಟ್ಟ ಸರಿಯಾಗಿ ಗೆರೆಯ ಮೇಲೇ ಇದ್ದರೆ? ಆಗ 25.20. 25.2 ಅಲ್ಲ. ಹಾಗೆಯೇ ಬ್ಯೂರೆಟ್ ಅನ್ನು ಮೇಲಿನ ಗೆರೆಗೆ ತಂದು ನಿಲ್ಲಿಸಿದ್ದರೆ ಆರಂಭದ ಓದು 0.00, ಬರೀ 0 ಅಲ್ಲ. ಈ ಸೊನ್ನೆಗಳ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಕಾಳಜಿ. 25.2 ಎಂದು ಬರೆದಿದ್ದರೆ, ಬರೆದವರು ಗೆರೆಗಳ ನಡುವೆ ನೋಡಿದರೋ ಇಲ್ಲವೋ ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಅವರಿಗೇ ಒಂದು ವಾರದ ನಂತರ ತಿಳಿಯುವುದಿಲ್ಲ.

ಒಂದು ರೆಕಾರ್ಡ್ ಪುಸ್ತಕದಲ್ಲಿ ಎಲ್ಲ ಓದುಗಳೂ 0 ಅಥವಾ 5ರಲ್ಲೇ ಮುಗಿದಿದ್ದರೆ, ಅಂದರೆ 24.85, 25.20, 24.90 ಹೀಗೆ, ಓದಿದವರು ನಡುವಿನ ಜಾಗವನ್ನು ಎರಡೇ ಭಾಗ ಮಾಡಿದ್ದಾರೆ ಎಂದರ್ಥ. ಕೆಲವು ಲ್ಯಾಬ್‌ಗಳಲ್ಲಿ ಹಾಗೆ ಓದುವುದೇ ರೂಢಿ. ಅದು ತಪ್ಪೇನಲ್ಲ. ಆದರೆ ಆಗ ಎರಡನೇ ದಶಮಾಂಶದ ಅನುಮಾನ ಹೆಚ್ಚು, ಸುಮಾರು 0.02ರಿಂದ 0.03 ಮಿ.ಲೀ. ಎಂದು ಇಟ್ಟುಕೊಳ್ಳಬೇಕು. ನಮ್ಮ ಉದಾಹರಣೆಯಲ್ಲೂ ಹಾಗೇ ಓದಿದ್ದೇವೆ ಎಂದುಕೊಳ್ಳೋಣ. ಆರಂಭದಲ್ಲಿ 0.35, ಕೊನೆಯಲ್ಲಿ 25.20. ಬಿಟ್ಟ ಗಾತ್ರ 24.85 ಮಿ.ಲೀ.

ಮತ್ತೆ ಕಳೆದಿದ್ದೇವೆ, ಮತ್ತೆ ದಶಮಾಂಶ ಸ್ಥಾನದ ನಿಯಮವೇ. ಎರಡೂ ಓದುಗಳಲ್ಲಿ ಎರಡು ಸ್ಥಾನ, ಉತ್ತರದಲ್ಲೂ ಎರಡು ಸ್ಥಾನ. 0.35ರಲ್ಲಿ ಎರಡೇ ಸಾರ್ಥಕ ಅಂಕಿ ಇದೆ ಎಂದು ಉತ್ತರವನ್ನು 25ಕ್ಕೆ ಇಳಿಸುವವರಿದ್ದಾರೆ. ಗುಣಾಕಾರದ ನಿಯಮವನ್ನು ವ್ಯವಕಲನಕ್ಕೆ ಹಾಕಿದಾಗ ಆಗುವ ಅನಾಹುತ ಅದು. ಇನ್ನೊಂದು ಅಪಾಯ ಕ್ಯಾಲ್ಕ್ಯುಲೇಟರ್‌ನದು. 25.10ರಿಂದ 0.30 ಕಳೆದರೆ ಅದು 24.8 ಎನ್ನುತ್ತದೆ. ಸ್ಪ್ರೆಡ್‌ಶೀಟ್ ಕೂಡ ಸೊನ್ನೆಯನ್ನು ನುಂಗುತ್ತದೆ. ಅದನ್ನು 24.80 ಎಂದು ನಾವೇ ತಿದ್ದಿಕೊಳ್ಳಬೇಕು.

ಹನಿಯ ವಿಷಯವನ್ನೂ ಇಲ್ಲೇ ಹೇಳಬೇಕು. ಬ್ಯೂರೆಟ್‌ನ ತುದಿಯಿಂದ ಬೀಳುವ ಒಂದು ಹನಿ ಸುಮಾರು 0.05 ಮಿ.ಲೀ. ಇರುತ್ತದೆ. ಪೂರ್ತಿ ಹನಿಗಳನ್ನೇ ಬಿಡುತ್ತಾ ಹೋದರೆ, ಬಣ್ಣ ತಿರುಗುವ ಜಾಗವನ್ನು ಅದಕ್ಕಿಂತ ನಿಖರವಾಗಿ ಹಿಡಿಯಲು ಆಗುವುದಿಲ್ಲ. ಮಟ್ಟವನ್ನು 0.01ರವರೆಗೆ ಓದಿದರೂ ಏನೂ ಉಪಯೋಗವಿಲ್ಲ. ಅದಕ್ಕೇ ಕೊನೆಯಲ್ಲಿ ಅರ್ಧ ಹನಿಯ ಉಪಾಯ: ತುದಿಯಲ್ಲಿ ಹನಿ ಪೂರ್ತಿ ತುಂಬಿಕೊಳ್ಳುವ ಮುಂಚೆ ನಲ್ಲಿ ತಿರುಗಿಸಿ ನಿಲ್ಲಿಸಬೇಕು. ತೂಗಾಡುವ ಆ ಪುಟ್ಟ ಹನಿಯನ್ನು ಫ್ಲಾಸ್ಕ್‌ನ ಒಳಗೋಡೆಗೆ ತಾಗಿಸಿ, ವಾಶ್ ಬಾಟಲಿಯ ನೀರಿನಿಂದ ಒಳಕ್ಕೆ ತೊಳೆಯಬೇಕು. ಎರಡನೇ ದಶಮಾಂಶಕ್ಕೆ ಅರ್ಥ ಬರುವುದು ಈ ಕೈಕೆಲಸದಿಂದ.

ಈಗ ಭಾಗಾಕಾರ

ಕೈಯಲ್ಲಿರುವುದು 0.5113 ಗ್ರಾಂ ಮತ್ತು 24.85 ಮಿ.ಲೀ. ಎರಡರಲ್ಲೂ ನಾಲ್ಕು ಅಂಕಿ. ಕೆಎಚ್‌ಪಿಯ ಮೋಲಾರ್ ದ್ರವ್ಯರಾಶಿ 204.22, ಇದರಲ್ಲಿ ಐದು. ಒಂದು ಮೋಲ್ ಕೆಎಚ್‌ಪಿಗೆ ಒಂದು ಮೋಲ್ ಸೋಡಿಯಂ ಹೈಡ್ರಾಕ್ಸೈಡ್ ಎನ್ನುವ ಒಂದು, ಲೀಟರಿಗೆ ಸಾವಿರ ಮಿಲಿಲೀಟರ್ ಎನ್ನುವ ಸಾವಿರ, ಇವು ಅಳೆದು ಬಂದ ಸಂಖ್ಯೆಗಳಲ್ಲ. ಅವು ಉತ್ತರದ ಅಂಕಿಗಳನ್ನು ಕಡಿಮೆ ಮಾಡುವುದಿಲ್ಲ.

```
0.5113 ÷ 204.22   = 0.00250367...
0.00250367 ÷ 0.02485 = 0.10075...
```

ಗುಣಿಸುವಾಗ, ಭಾಗಿಸುವಾಗ ಸಾರ್ಥಕ ಅಂಕಿಗಳನ್ನು ಎಣಿಸಬೇಕು. ಎಲ್ಲಕ್ಕಿಂತ ಕಡಿಮೆ ಇರುವುದು ನಾಲ್ಕು. ಹಾಗಾಗಿ ಉತ್ತರ 0.1008 M.

ನಡುವೆ ದುಂಡಾಗಿಸಬಾರದು. ಮೋಲ್ ಸಂಖ್ಯೆಯನ್ನು ನೋಡಲು ಚೆನ್ನಾಗಿದೆ ಎಂದು 0.00250 ಮಾಡಿಕೊಂಡು ಮುಂದುವರಿದರೆ ಉತ್ತರ 0.1006 ಆಗುತ್ತದೆ. ಅಳತೆಯಲ್ಲಿ ಇಲ್ಲದ ತಪ್ಪನ್ನು ಪೆನ್ನಿನಿಂದ ಮಾಡಿದಂತಾಯಿತು. ಮೋಲಾರ್ ದ್ರವ್ಯರಾಶಿಯಲ್ಲೂ ಹಾಗೇ. 204.22ರ ಬದಲು 204 ಹಾಕಿ ನೋಡಿ, 0.10086 ಬರುತ್ತದೆ, ಅಂದರೆ 0.1009. ಪುಸ್ತಕದಲ್ಲಿ ಸಿಗುವ ಸಂಖ್ಯೆಯನ್ನು ಅಳತೆಗಿಂತ ಕನಿಷ್ಠ ಒಂದು ಅಂಕಿ ಜಾಸ್ತಿಯೇ ಇಟ್ಟುಕೊಳ್ಳಿ. ಅದಕ್ಕೆ ಶ್ರಮವೇನೂ ಬೇಡ.

ಇದೇ ಪುಡಿಯನ್ನು ಎರಡು ದಶಮಾಂಶದ ಬ್ಯಾಲೆನ್ಸ್‌ನಲ್ಲಿ ತೂಗಿದ್ದರೆ? ಆಗ ತೂಕ 0.51 ಗ್ರಾಂ, ಎರಡೇ ಅಂಕಿ. ಬ್ಯೂರೆಟ್ ಎಷ್ಟೇ ಚೆನ್ನಾಗಿ ಓದಿದ್ದರೂ ಉತ್ತರ 0.10 M. ಅರ್ಧ ಹನಿಗಾಗಿ ಪಟ್ಟ ಪಾಡೆಲ್ಲ ನೀರುಪಾಲು. ಅದೇ ರೀತಿ, ನಾಲ್ಕು ಸ್ಥಾನದ ಬ್ಯಾಲೆನ್ಸ್ ಬಳಸಿ 0.0513 ಗ್ರಾಂ ಮಾತ್ರ ತೆಗೆದುಕೊಂಡಿದ್ದರೆ ಬ್ಯೂರೆಟ್‌ನಿಂದ ಇಳಿಯುವುದು 2.49 ಮಿ.ಲೀ. ಆಸುಪಾಸು. ಎರಡರಲ್ಲೂ ಮೂರು ಅಂಕಿ, ಉತ್ತರ 0.101 M. ಟೈಟ್ರೇಶನ್‌ಗೆ ಮುಂಚೆ ಎಷ್ಟು ಪುಡಿ ತೆಗೆದುಕೊಳ್ಳಬೇಕು ಎಂದು ಲೆಕ್ಕ ಹಾಕುವುದು ಇದಕ್ಕೇ. 50 ಮಿ.ಲೀ. ಬ್ಯೂರೆಟ್‌ನಲ್ಲಿ 20ರಿಂದ 40 ಮಿ.ಲೀ. ಇಳಿಯುವಂತೆ ನೋಡಿಕೊಂಡರೆ ನಾಲ್ಕು ಅಂಕಿ ಕೈಬಿಟ್ಟು ಹೋಗುವುದಿಲ್ಲ.

ನಿಯಮ ಹೇಳಿದ್ದು ನಿಜವೇ?

ಅಂಕಿ ಎಣಿಸುವ ನಿಯಮ ಒಂದು ಅಂದಾಜು ಮಾತ್ರ. ಅದು ಸರಿ ಹೇಳಿತೇ ಎಂದು ಪರೀಕ್ಷಿಸಲು ಎರಡು ದಾರಿಗಳಿವೆ. ಎರಡನ್ನೂ ಮಾಡುವುದು ಒಳ್ಳೆಯದು.

ಮೊದಲನೆಯದು ಅನುಮಾನದ ಪಾಲು ಲೆಕ್ಕ ಹಾಕುವುದು. ಬ್ಯೂರೆಟ್‌ನ ಪ್ರತಿ ಓದಿನಲ್ಲಿ 0.02 ಮಿ.ಲೀ. ಅನುಮಾನ ಇದ್ದರೆ, ಎರಡು ಓದು ಸೇರಿ ಸುಮಾರು 0.03 ಮಿ.ಲೀ. ಅನುಮಾನಗಳನ್ನು ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯುತ್ತೇವೆ, ಯಾಕೆಂದರೆ ಎರಡೂ ಓದು ಒಂದೇ ಕಡೆಗೆ ಪೂರ್ತಿ ತಪ್ಪುವುದು ಅಪರೂಪ. 24.85ರಲ್ಲಿ 0.03 ಅಂದರೆ ಶೇಕಡ 0.12. ಬ್ಯಾಲೆನ್ಸ್ ಕಡೆ ನೋಡಿದರೆ, ಒಂದೊಂದು ಓದಿಗೆ 0.0001 ಗ್ರಾಂ ಹಿಡಿದರೂ ಎರಡೂ ಸೇರಿ 0.00014, ಅದು 0.5113ರ ಶೇಕಡ 0.03 ಅಷ್ಟೇ. ಅಂದರೆ ಈ ಪ್ರಯೋಗದಲ್ಲಿ ಅನುಮಾನ ಬಹುಪಾಲು ಬ್ಯೂರೆಟ್‌ನದೇ. ಮೋಲಾರಿಟಿಯಲ್ಲಿ ಶೇಕಡ 0.12 ಅಂದರೆ 0.0001. ಅನುಮಾನ ಇರುವುದು ನಾಲ್ಕನೇ ದಶಮಾಂಶದಲ್ಲಿ, ನಾವು ನಿಲ್ಲಿಸಿದ್ದೂ ಅಲ್ಲೇ. ನಿಯಮ ಸರಿಯಾಗಿಯೇ ಹೇಳಿದೆ.

ಯಾವಾಗಲೂ ಹೀಗೆ ಹೊಂದುವುದಿಲ್ಲ. 9.95 ಮಿ.ಲೀ.ಗೆ ಮೂರು ಅಂಕಿ, 10.05 ಮಿ.ಲೀ.ಗೆ ನಾಲ್ಕು. ಎರಡು ಹನಿಗಳ ಅಂತರದಲ್ಲಿ ನಿಖರತೆ ಹತ್ತು ಪಟ್ಟು ಹೆಚ್ಚಿತೇ? ಇಲ್ಲವಲ್ಲ. ಎರಡರಲ್ಲೂ ಅನುಮಾನ ಸುಮಾರು ಶೇಕಡ 0.3. 9.95 ಬಂದವರು ನಿಯಮದಂತೆ 0.101 ಎಂದು ನಿಲ್ಲಿಸಿದರೆ ತಮ್ಮ ಅಳತೆಗಿಂತ ಒರಟಾಗಿ ಹೇಳಿದಂತಾಗುತ್ತದೆ. ಅನುಮಾನ ಮೂರನೇ ದಶಮಾಂಶದಲ್ಲಿ ಇಲ್ಲ, ನಾಲ್ಕನೆಯದರಲ್ಲಿದೆ. ಇಂಥ ಅಂಚಿನಲ್ಲಿ ನಾನು ಅಂಕಿ ಎಣಿಸುವುದನ್ನು ಬಿಟ್ಟು 0.1008 ± 0.0003 ಎಂದು ಬರೆಯುವುದನ್ನೇ ಒಪ್ಪುತ್ತೇನೆ. ಪರೀಕ್ಷೆಯಲ್ಲಿ ನಿಯಮ ಕೇಳಿದರೆ ನಿಯಮ ಬರೆಯಿರಿ. ಲ್ಯಾಬ್‌ನಲ್ಲಿ ಅನುಮಾನವನ್ನೇ ಬರೆಯಿರಿ.

ಎರಡನೇ ದಾರಿ ಪ್ರಯೋಗವನ್ನು ಮತ್ತೆ ಮಾಡುವುದು. ಬೇರೆ ಬೇರೆ ತೂಕದ ಪುಡಿ ತೆಗೆದುಕೊಂಡು ಮೂರು ಸಲ ಮಾಡಿದಾಗ 0.10075, 0.10062, 0.10089 ಬಂತು ಎನ್ನಿ. ಲೆಕ್ಕ ಮುಗಿಯುವ ತನಕ ಒಂದು ಅಂಕಿಯನ್ನು ಹೆಚ್ಚಿಗೆ ಇಟ್ಟುಕೊಂಡಿದ್ದೇವೆ, ಅದು ಬೇಕು. ಸರಾಸರಿ 0.10075, ಚದುರುವಿಕೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, ಸುಮಾರು 0.00014. ಅಂದಾಜು ಹಾಕಿದ್ದ 0.0001ಕ್ಕೆ ಇದು ಹತ್ತಿರವೇ ಇದೆ. ವರದಿಯಲ್ಲಿ 0.1008 ± 0.0001 M.

ಆದರೆ ಮೂರು ಉತ್ತರಗಳು 0.1008, 0.1031, 0.09890 ಆಗಿದ್ದರೆ? ಒಂದೊಂದೂ ನಿಯಮದ ಪ್ರಕಾರ ಸರಿಯಾಗಿಯೇ ದುಂಡಾಗಿದೆ. ಆದರೂ ಚದುರುವಿಕೆ 0.002. ಬ್ಯಾಲೆನ್ಸ್, ಬ್ಯೂರೆಟ್ ಕೊಡಬಹುದಾದ ಅನುಮಾನಕ್ಕಿಂತ ಇದು ತುಂಬಾ ದೊಡ್ಡದು. ಎಲ್ಲೋ ಬೇರೆ ಕಡೆ ಎಡವಟ್ಟಾಗಿದೆ: ಬಣ್ಣ ಗಾಢ ಗುಲಾಬಿಯಾಗುವ ತನಕ ಬಿಟ್ಟಿರಬಹುದು, ಫ್ಲಾಸ್ಕ್‌ನ ಬಾಯಿಗೆ ಪುಡಿ ಅಂಟಿರಬಹುದು, ಬ್ಯೂರೆಟ್‌ನ ತುದಿಯಲ್ಲಿದ್ದ ಗಾಳಿಗುಳ್ಳೆ ನಡುವೆ ಹೊರಬಿದ್ದಿರಬಹುದು. ಮೊದಲು ಅದನ್ನು ಹುಡುಕಿ ಮತ್ತೆ ಮಾಡಬೇಕು. ಮತ್ತೆ ಮಾಡಲು ಆಗದಿದ್ದರೆ 0.101 ± 0.002 ಎಂದು ಬರೆಯಬೇಕು. ಪ್ರತಿ ಸಾಲಿನಲ್ಲಿ ನಾಲ್ಕು ಅಂಕಿ ಇತ್ತು ಎಂಬ ಕಾರಣಕ್ಕೆ ಸರಾಸರಿಯಲ್ಲೂ ನಾಲ್ಕು ಬರೆಯುವ ಹಕ್ಕು ಬರುವುದಿಲ್ಲ.

ಚದುರುವಿಕೆಗೂ ಕಾಣದ ಒಂದು ತಪ್ಪಿದೆ. ಕ್ಲಾಸ್ ಎ ದರ್ಜೆಯ 50 ಮಿ.ಲೀ. ಬ್ಯೂರೆಟ್‌ನಲ್ಲಿ ಗುರುತುಗಳೇ 0.05 ಮಿ.ಲೀ.ವರೆಗೆ ಆಚೀಚೆ ಇರಲು ಅನುಮತಿ ಇದೆ, ಕ್ಲಾಸ್ ಬಿಯಲ್ಲಿ ಅದರ ಎರಡರಷ್ಟು. ಅದೇ ಬ್ಯೂರೆಟ್‌ನಲ್ಲಿ ಮೂರು ಸಲ ಮಾಡಿದರೆ ಮೂರೂ ಸಲ ಒಂದೇ ಕಡೆಗೆ ತಪ್ಪುತ್ತದೆ. ಉತ್ತರಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ, ಎಲ್ಲವೂ ಒಟ್ಟಿಗೆ ಸ್ವಲ್ಪ ಸರಿದಿರುತ್ತವೆ. 24.85ರಲ್ಲಿ 0.05 ಅಂದರೆ ಶೇಕಡ 0.2, ಮೋಲಾರಿಟಿಯಲ್ಲಿ 0.0002. ಹಾಗಾಗಿ ಬ್ಯೂರೆಟ್‌ನ ಮೇಲೆ ಅಚ್ಚಾಗಿರುವ ದರ್ಜೆಯನ್ನೂ ಪುಸ್ತಕದಲ್ಲಿ ಬರೆದಿಡಿ. ನಾಲ್ಕನೇ ದಶಮಾಂಶವನ್ನು ನಿಜಕ್ಕೂ ನಂಬಬೇಕಾದ ಕೆಲಸವಿದ್ದರೆ, ಬ್ಯೂರೆಟ್‌ನಿಂದ ಇಳಿಸಿದ ನೀರನ್ನು ತೂಗಿ, ಆ ದಿನದ ಉಷ್ಣಾಂಶದಲ್ಲಿ ನೀರಿನ ಸಾಂದ್ರತೆಯಿಂದ ನಿಜವಾದ ಗಾತ್ರ ಕಂಡುಹಿಡಿದು, ಗುರುತುಗಳಿಗೆ ತಿದ್ದುಪಡಿ ಮಾಡಿಕೊಳ್ಳುತ್ತಾರೆ.

ಕೊನೆಗೆ, ಈ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಇನ್ನೊಂದು ಆಮ್ಲವನ್ನು ಟೈಟ್ರೇಟ್ ಮಾಡುವಾಗ ಲೆಕ್ಕಕ್ಕೆ 0.1008 ಹಾಕಬೇಡಿ, 0.10075 ಹಾಕಿ. ದುಂಡಾಗಿಸಿದ್ದು ವರದಿಗೆ ಮಾತ್ರ. ಪುಸ್ತಕದಲ್ಲಿ ಆ ಹೆಚ್ಚುವರಿ 5 ಅನ್ನು ಚಿಕ್ಕದಾಗಿ, ಸ್ವಲ್ಪ ಕೆಳಗೆ ಬರೆದುಕೊಂಡರೆ ಅದು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿ, ಅಳತೆ ಭರವಸೆ ಕೊಡುವ ಅಂಕಿ ಅಲ್ಲ ಎಂದು ಮುಂದಿನ ಸಲ ಪುಟ ತೆರೆದಾಗ ಗೊತ್ತಾಗುತ್ತದೆ.